ಹಿಜ್ಕೀಯ ಬೇಕಾಗಿದ್ದಾನೆ

ಪ್ರಸಂಗ ತಯಾರಿಸಲು ಎರಡು ದಾರಿಗಳಿವೆ. ಒಂದು ಹಳೇ ಕಾಲದ್ದು. ವಾಕ್ಯಭಾಗ ಓದಬೇಕು, ಅದು ಏನು ಹೇಳುತ್ತಿದೆ ಎಂದು ತಲೆ ಕೆಡಿಸಿಕೊಳ್ಳಬೇಕು, ಕೇಳುವವರಿಗೆ ಎಲ್ಲಿ ತೊಡಕಾಗುತ್ತದೋ ಅಲ್ಲಿ ಮಾತ್ರ ಒಂದು ದೃಷ್ಟಾಂತ ಕೊಡಬೇಕು. ಇದಕ್ಕೆ ಇಡೀ ವಾರ ಬೇಕಾಗುತ್ತದೆ. ಇನ್ನೊಂದು ಶನಿವಾರ ರಾತ್ರಿಯ ದಾರಿ. ವಾಟ್ಸಾಪಿಗೆ ಬಂದ ಕಣ್ಣೀರಿನ ಕಥೆಯೊಂದನ್ನು ಕೈಯಲ್ಲಿ ಹಿಡಿದು, ಇದಕ್ಕೆ ಒಪ್ಪುವ ವಚನ ಎಲ್ಲಾದರೂ ಸಿಕ್ಕೀತೇ ಎಂದು ಬೈಬಲ್ ತಿರುವಿಹಾಕುವುದು. ಗುಂಡಿ ಸಿಕ್ಕಿತೆಂದು ಅದಕ್ಕೆ ತಕ್ಕ ಅಂಗಿ ಹುಡುಕಿದ ಹಾಗೆ. ಬೈಬಲಿನಲ್ಲಿ 66 ಪುಸ್ತಕಗಳಿರುವುದರಿಂದ ಯಾವುದೋ ಒಂದು ಅಂಗಿ ಸಿಕ್ಕೇ ಸಿಗುತ್ತದೆ. ಅಳತೆ ಸರಿಯಿದೆಯೇ ಎಂದು ನೋಡುವಷ್ಟು ಹೊತ್ತಿಗೆ ಭಾನುವಾರ ಬೆಳಗಾಗಿರುತ್ತದೆ.

ಹೀಗೆ ನಮ್ಮ ಸಭೆಗಳಿಗೆ ಬಂದು ಖಾಯಂ ಸದಸ್ಯತ್ವ ಪಡೆದಿರುವ ಕಥೆಗಳಲ್ಲಿ ಹಿರಿಯದು ರೈಲ್ವೆ ಸೇತುವೆಯ ಕಥೆ. ಕೇಳದವರು ಯಾರೂ ಇರಲಿಕ್ಕಿಲ್ಲ. ಆದರೂ ಹೇಳುತ್ತೇನೆ, ಏಕೆಂದರೆ ಪಾಸ್ಟರುಗಳೂ ಹಾಗೆಂದೇ ಪ್ರತಿಸಲ ಹೇಳುತ್ತಾರೆ. ನದಿಯ ಮೇಲೊಂದು ಸೇತುವೆ. ಹಡಗು ಬಂದಾಗ ಅದನ್ನು ಮೇಲೆತ್ತಿ, ರೈಲು ಬಂದಾಗ ಇಳಿಸುವುದು ಒಬ್ಬ ತಂದೆಯ ಕೆಲಸ. ಒಂದು ದಿನ ಅವನ ಜೊತೆ ಪುಟ್ಟ ಮಗನೂ ಬಂದಿದ್ದಾನೆ. ಸೇತುವೆ ಎದ್ದು ನಿಂತಿದೆ, ರೈಲು ಹೇಳದೆ ಕೇಳದೆ ಬರುತ್ತಿದೆ, ಮಗ ಆಡುತ್ತಾ ಹೋಗಿ ಗಾಲಿಗಳ ನಡುವೆ ಬಿದ್ದಿದ್ದಾನೆ. ಸೇತುವೆ ಇಳಿಸಿದರೆ ಮಗ ಹೋಗುತ್ತಾನೆ, ಇಳಿಸದಿದ್ದರೆ ರೈಲಿನಲ್ಲಿದ್ದವರೆಲ್ಲ ಹೋಗುತ್ತಾರೆ. ತಂದೆ ಹಿಡಿಕೆ ಎಳೆಯುತ್ತಾನೆ. ರೈಲು ಸುರಕ್ಷಿತವಾಗಿ ದಾಟುತ್ತದೆ. ಒಳಗಿನವರು ಚಹಾ ಕುಡಿಯುತ್ತಾ, ಕಿಟಕಿಯಾಚೆ ಯಾರೋ ಅಳುತ್ತಿದ್ದಾನಲ್ಲ ಎಂದೂ ನೋಡದೆ ಹೋಗಿಬಿಡುತ್ತಾರೆ. ‘ಪ್ರಿಯರೇ, ಯೋಹಾನ 3:16.’

ಈ ಹೊತ್ತಿಗೆ ಕೀಬೋರ್ಡಿನ ಹುಡುಗ ತನ್ನ ಕೆಲಸ ಶುರು ಮಾಡಿರುತ್ತಾನೆ. ‘ಪುಟ್ಟ ಮಗ’ ಎಂಬ ಮಾತು ಬಂದ ಕೂಡಲೇ ಅವನ ಎಡಗೈ ತಾನಾಗಿ ಮೆಲುದನಿಯ ಸ್ವರಗಳ ಮೇಲೆ ಕೂರುತ್ತದೆ. ಪ್ರಸಂಗದಲ್ಲಿ ನಿಕೊದೇಮನ ಹೆಸರು ಬಂದಾಗ ಅದೇ ಹುಡುಗ ಮೊಬೈಲ್ ನೋಡುತ್ತಿದ್ದ. ಯಾವ ಭಾಗ ಮುಖ್ಯ, ಯಾವ ಭಾಗ ಕಾಲಹರಣ ಎಂಬುದು ಸಭೆಯಲ್ಲಿ ಅವನಿಗಿಂತ ಚೆನ್ನಾಗಿ ಬಲ್ಲವರಿಲ್ಲ.

ಕಥೆ ಒಂದೇ ಕಡೆ ನಿಂತಿಲ್ಲ. ಮೊದಮೊದಲು ಅಮೆರಿಕದ ಯಾವುದೋ ನದಿಯ ಮೇಲಿತ್ತು. 2003ರಲ್ಲಿ ಚೆಕ್ ಭಾಷೆಯಲ್ಲಿ ‘ಮೋಸ್ಟ್’ ಎಂಬ ಕಿರುಚಿತ್ರವಾದ ಮೇಲೆ ಯುರೋಪಿಗೆ ವರ್ಗವಾಯಿತು. ಈಗ ಪ್ರೊಜೆಕ್ಟರ್ ಇರುವ ಸಭೆಗಳಲ್ಲಿ ಅದರ ತುಣುಕನ್ನೇ ತೋರಿಸಿ ಪಾಸ್ಟರು ಗಂಟಲಿಗೆ ವಿಶ್ರಾಂತಿ ಕೊಡುತ್ತಾರೆ. ಹುಬ್ಬಳ್ಳಿ ಕಡೆಯ ಒಂದು ಸಭೆಗೆ ಬಂದ ಅತಿಥಿ ಪ್ರಸಂಗಿಯೊಬ್ಬರು ಅದನ್ನು ಪಾಂಬನ್ ಸೇತುವೆಗೇ ತಂದು ಇಳಿಸಿದರು. ದೇಶೀಕರಣ ಎಂದರೆ ಹೀಗಿರಬೇಕು. ಒಂದೇ ತೊಂದರೆ, ಹುಬ್ಬಳ್ಳಿಯೆಂದರೆ ರೈಲ್ವೆಯವರ ಊರು. ಆರಾಧನೆ ಮುಗಿದ ಮೇಲೆ ಹೊರಗೆ ಚಹಾ ಕೊಡುವಲ್ಲಿ ನಿವೃತ್ತ ಸ್ಟೇಷನ್ ಮಾಸ್ತರರೊಬ್ಬರು ಪ್ರಸಂಗಿಯನ್ನು ಹಿಡಿದುಕೊಂಡರು.

‘ಸಾಹೇಬ್ರ, ಸೇತುವಿ ಎದ್ದಿತ್ತು ಅಂದ್ರಿ. ಅದು ಎದ್ದಿದ್ರ ಸಿಗ್ನಲ್ ಕೆಂಪಿರತೈತಿ. ಸೇತುವಿ ಇಳದು ಕೀಲಿ ಬೀಳೂತನಾ ಸಿಗ್ನಲ್ ಬೀಳೂದs ಇಲ್ಲ. ಗಾಡಿ ಹೆಂಗ ಬಂತ್ರಿ?’

‘ಅಣ್ಣಾವ್ರ, ಅದು ದೃಷ್ಟಾಂತ ಅಷ್ಟs.’

‘ದೃಷ್ಟಾಂತ ಅಂದ್ರ ಡ್ರೈವರ್ ಕೆಂಪ ಸಿಗ್ನಲ್ ದಾಟಬಹುದೇನ್ರಿ?’

ಮಾಸ್ತರರ ಪ್ರಶ್ನೆಗೆ ನಕ್ಕು ಮುಂದೆ ಹೋಗುವುದು ಸುಲಭ. ಆದರೆ ಅವರು ಪ್ರಸಂಗದ ಉಳಿದ ಹೊತ್ತು ಏನು ಮಾಡುತ್ತಿದ್ದರು ಎಂದು ಯೋಚಿಸಿ. ಸಿಗ್ನಲ್ ಕೆಟ್ಟಿತ್ತೋ, ಡ್ರೈವರ್ ಕುಡಿದಿದ್ದನೋ ಎಂದು ಮನಸ್ಸಿನಲ್ಲೇ ವಿಚಾರಣಾ ಸಮಿತಿ ರಚಿಸಿಕೊಂಡು ಕೂತಿದ್ದರು. 1914ರಲ್ಲಿ ತೆರೆದ ಹಳೇ ಪಾಂಬನ್ ಸೇತುವೆಯ ನಡುಭಾಗವನ್ನು ಹಡಗು ಬಂದಾಗ ಹಲವು ಆಳುಗಳು ಸೇರಿ ಕೈಯಿಂದಲೇ ತಿರುಗಿಸಿ ಎತ್ತುತ್ತಿದ್ದರು, ಒಬ್ಬ ತಂದೆ ಒಂದು ಹಿಡಿಕೆ ಎಳೆದರೆ ಮುಗಿಯುವ ಕೆಲಸ ಅದಾಗಿರಲಿಲ್ಲ ಎಂಬುದೂ ಅವರಿಗೆ ಗೊತ್ತಿತ್ತು. 2025ರಲ್ಲಿ ಉದ್ಘಾಟನೆಯಾದ ಹೊಸ ಸೇತುವೆಯಲ್ಲಿ ಆ ಕೆಲಸ ಯಂತ್ರದ್ದು ಎಂಬುದೂ ಗೊತ್ತಿತ್ತು. ಹೀಗೆ ಸಭೆಯಲ್ಲಿ ಒಬ್ಬ ಬಲ್ಲವನಿದ್ದರೆ ಕಥೆ ಅವನನ್ನು ವಾಕ್ಯದಿಂದ ಹೊರಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿಕೊಳ್ಳುತ್ತದೆ. ಕಟ್ಟುಕಥೆ ಹೇಳಬಾರದೆಂದಲ್ಲ. ಯೇಸು ಹೇಳಿದ ಹೆಚ್ಚಿನ ಸಾಮ್ಯಗಳಲ್ಲಿ ಇಂಥ ಊರು, ಇಂಥ ಇಸವಿ, ಇಂಥ ಸೇತುವೆ ಎಂಬ ವಿಳಾಸವೇನೂ ಇರಲಿಲ್ಲ. ಒಬ್ಬ ತಂದೆ, ಇಬ್ಬರು ಮಕ್ಕಳು ಎಂದರೆ ಕೇಳುವವನಿಗೆ ಅದು ಕಥೆಯೆಂದು ಗೊತ್ತಾಗುತ್ತಿತ್ತು. ಕಟ್ಟುಕಥೆಗೆ ಆಧಾರ್ ಕಾರ್ಡ್ ಮಾಡಿಸಿದಾಗಲೇ ತಕರಾರು ಶುರುವಾಗುವುದು.

ಆದರೆ ಸಿಗ್ನಲ್ ಸರಿಯಿದ್ದರೂ ಈ ಕಥೆ ಪಾಸಾಗುತ್ತಿರಲಿಲ್ಲ. ನಿಜವಾದ ಪರೀಕ್ಷೆ ಬೇರೆಯೇ ಇದೆ. ಒಂದು ಹಾಳೆಯಲ್ಲಿ ನಡುವೆ ಗೆರೆ ಎಳೆಯಿರಿ. ಎಡಗಡೆ ಕಥೆಯಲ್ಲಿ ಯಾರು ಏನು ಮಾಡಿದರು ಎಂದು ಬರೆಯಿರಿ, ಬಲಗಡೆ ವಾಕ್ಯದಲ್ಲಿ ಯಾರು ಏನು ಮಾಡಿದರು ಎಂದು ಬರೆಯಿರಿ. ಯೋಹಾನ 3ನೇ ಅಧ್ಯಾಯವನ್ನು ಹೀಗೆ ಬರೆದರೆ ಏನಾಗುತ್ತದೆ ನೋಡೋಣ.

ಮಗನಿಂದ ಶುರು ಮಾಡೋಣ. ಕಥೆಯ ಮಗನಿಗೆ ತಾನು ಸಾಯುತ್ತಿದ್ದೇನೆಂದೇ ಗೊತ್ತಿಲ್ಲ. ಕಾಲುಜಾರಿ ಬಿದ್ದವನು ಅವನು. ಯೋಹಾನನ ಸುವಾರ್ತೆಯ ಮಗನಾದರೋ 10ನೇ ಅಧ್ಯಾಯದಲ್ಲಿ, ನನ್ನ ಪ್ರಾಣವನ್ನು ಯಾರೂ ಕಿತ್ತುಕೊಳ್ಳುವುದಿಲ್ಲ, ನಾನೇ ಕೊಡುತ್ತೇನೆ ಎಂಬ ಅರ್ಥದಲ್ಲಿ ಮಾತಾಡುತ್ತಾನೆ. ಒಂದು ಕಡೆ ಅಪಘಾತ, ಇನ್ನೊಂದು ಕಡೆ ಒಪ್ಪಿಗೆ. ತಂದೆಗೆ ಬಂದರೆ, ಕಥೆಯ ತಂದೆ ಒಂದು ನಿಮಿಷದಲ್ಲಿ ಸಿಕ್ಕಿಬಿದ್ದವನು, ಗಡಿಯಾರ ನೋಡಿ ತೀರ್ಮಾನಿಸಿದವನು. ವಾಕ್ಯದ ದೇವರಿಗೆ ರೈಲು ಬರುವುದು ಕೊನೇ ಗಳಿಗೆಯಲ್ಲಿ ಗೊತ್ತಾಗಲಿಲ್ಲ.

ಇನ್ನು ಪ್ರಯಾಣಿಕರು. ಇಲ್ಲಿ ಕಥೆ ಪೂರ್ತಿ ಹಳಿ ತಪ್ಪುತ್ತದೆ. ರೈಲಿನವರು ಯಾವ ತಪ್ಪೂ ಮಾಡಿಲ್ಲ, ಟಿಕೆಟ್ ತೆಗೆದುಕೊಂಡು ಕೂತ ಮರ್ಯಾದಸ್ಥರು. ಅದೇ ಅಧ್ಯಾಯದ 19ನೇ ವಚನ ಮಾತಾಡುವುದು ಬೆಳಕಿಗಿಂತ ಕತ್ತಲೆಯನ್ನು ಮೆಚ್ಚಿಕೊಂಡ ಜನರ ಬಗ್ಗೆ. ಪಾಪವೇ ಇಲ್ಲದ ರೈಲು ಇದು. ಮೇಲಾಗಿ 16ನೇ ವಚನದ ಬಾಗಿಲು ‘ನಂಬುವವರು’ ಎಂಬುದು. ಕಥೆಯಲ್ಲಿ ಯಾರೂ ಏನನ್ನೂ ನಂಬಬೇಕಾಗಿಲ್ಲ; ಚಹಾ ಕುಡಿದರೆ ಸಾಕು, ರಕ್ಷಣೆ ಆಗಿಹೋಗಿರುತ್ತದೆ. ಪ್ರಸಂಗಿ ಕೊನೆಯಲ್ಲಿ ಬೆವರು ಸುರಿಸುತ್ತಾ ‘ಇವತ್ತೇ ನಂಬಿರಿ’ ಎಂದು ಕರೆ ಕೊಡುತ್ತಾರೆ. ಆದರೆ ಅವರ ಕಥೆಯೇ ಎಲ್ಲರನ್ನೂ ಆಗಲೇ ಸೇತುವೆ ದಾಟಿಸಿ ಆಯಿತಲ್ಲ, ಇನ್ನು ನಂಬುವುದಕ್ಕೆ ಉಳಿದಿರುವುದೇನು?

ಹೀಗೆ ಎಡಕ್ಕೂ ಬಲಕ್ಕೂ ಹೊಂದುವುದು ಒಂದೇ ಒಂದು: ಒಬ್ಬ ಮಗ ಸತ್ತ. ಅಷ್ಟಕ್ಕೇ ನಾವು ಸಂತೋಷಪಟ್ಟು ಕಣ್ಣೊರೆಸಿಕೊಂಡೆವು. ಅತ್ತಿದ್ದು ನಿಜ, ಆದರೆ ಯಾರಿಗಾಗಿ? ಆ ತಂದೆಗಾಗಿ. ದೇವರು ಲೋಕವನ್ನು ಪ್ರೀತಿಸಿದನೆಂಬ ಸುದ್ದಿ ಕೇಳಲು ಬಂದವರು ದೇವರ ಬಗ್ಗೆ ಅಯ್ಯೋ ಪಾಪ ಅಂದುಕೊಂಡು ಮನೆಗೆ ಹೋದೆವು.

ಎಲ್ಲರೂ ಅದನ್ನೂ ಅಂದುಕೊಳ್ಳಲಿಲ್ಲ. ಅದೇ ದಿನ ಗೇಟಿನ ಹೊರಗೆ, ಸ್ಕೂಟರಿನ ಮುಂದೆ ನಿಂತಿದ್ದ ಏಳೆಂಟು ವರ್ಷದ ಹುಡುಗ ಅಪ್ಪನನ್ನು ಕೇಳುತ್ತಿದ್ದ: ‘ಅಪ್ಪಾ, ನೀನೂ ಆ ಹಿಡಿಕಿ ಎಳೀತಿದ್ದೇನು?’ ಅಪ್ಪ ಕಿಕ್ ಹೊಡೆಯುತ್ತಾ, ‘ಸುಮ್ನ ನಿಂದ್ರೋ, ಗಾಡಿ ಚಾಲೂ ಆಗವಲ್ದು’ ಅಂದ. ಮಗು ಪ್ರಸಂಗವನ್ನು ಸರಿಯಾಗಿಯೇ ಕೇಳಿಸಿಕೊಂಡಿತ್ತು. ಅದಕ್ಕೆ ಸಿಕ್ಕಿದ ಸುವಾರ್ತೆ ಇಷ್ಟೇ: ಅಪರಿಚಿತರು ಜಾಸ್ತಿ ಇದ್ದರೆ ಅಪ್ಪಂದಿರು ಹಿಡಿಕೆ ಎಳೆಯುತ್ತಾರೆ. ಮಗನನ್ನು ಕಳೆದುಕೊಂಡ ತಾಯಿಯೊಬ್ಬಳು ಅದೇ ಸಾಲಿನಲ್ಲಿ ಕೂತಿದ್ದರೆ ಅವಳಿಗೆ ಏನು ಕೇಳಿಸಿತು ಎಂದು ವಿಚಾರಿಸಲು ಯಾವ ಸಮಿತಿಯೂ ಇಲ್ಲ.

ಇದರಲ್ಲಿ ತಮಾಷೆಯ ವಿಷಯವೇನೆಂದರೆ ಆ ಅಧ್ಯಾಯಕ್ಕೆ ದೃಷ್ಟಾಂತದ ಕೊರತೆಯೇ ಇರಲಿಲ್ಲ. ಎರಡೇ ವಚನ ಹಿಂದೆ, 14ರಲ್ಲಿ, ಯೇಸುವೇ ಒಂದನ್ನು ಇಟ್ಟಿದ್ದಾನೆ: ಅರಣ್ಯದಲ್ಲಿ ಮೋಶೆ ಎತ್ತಿ ನಿಲ್ಲಿಸಿದ ಸರ್ಪ. ಅದರ ಮೂಲ ಅರಣ್ಯಕಾಂಡದ 21ನೇ ಅಧ್ಯಾಯದಲ್ಲಿದೆ. ಜನ ಅನ್ನ ನೀರಿಗೆ ಗೊಣಗಿದರು, ದೇವರಿಗೂ ಮೋಶೆಗೂ ತಿರುಗಿಬಿದ್ದರು, ಹಾವುಗಳು ಬಂದು ಕಚ್ಚಿದವು, ಸಾವು ಶುರುವಾಯಿತು. ತಾಮ್ರದ ಸರ್ಪವೊಂದನ್ನು ಮಾಡಿ ಕಂಬದ ಮೇಲಿಡು, ಕಚ್ಚಿಸಿಕೊಂಡವನು ಅದನ್ನು ನೋಡಿದರೆ ಬದುಕುತ್ತಾನೆ ಎಂದು ಮೋಶೆಗೆ ಅಪ್ಪಣೆಯಾಯಿತು. ಈಗ ಹಾಳೆಯ ಎಡಗಡೆ ಇದನ್ನು ಬರೆಯಿರಿ. ತಪ್ಪು ಜನರದೇ. ವಿಷ ಏರಿದ್ದು ನಿಜ. ಮದ್ದು ಬಂದದ್ದು ಕಡಿಸಿಕೊಂಡವನ ಕೈಯಿಂದಲ್ಲ, ಮೇಲಿನಿಂದ. ಅವನು ಮಾಡಬೇಕಾದದ್ದು ಒಂದೇ, ತಲೆ ಎತ್ತಿ ನೋಡುವುದು. ನೋಡದವನಿಗೆ ಕಂಬ ಪಕ್ಕದಲ್ಲೇ ಇದ್ದರೂ ಪ್ರಯೋಜನವಿಲ್ಲ. ಬಲಗಡೆಯ ಪಟ್ಟಿಯೊಂದಿಗೆ ಸಾಲುಸಾಲಾಗಿ ತಾಳೆಯಾಗುತ್ತದೆ. ಕೇಳುತ್ತಿದ್ದ ನಿಕೊದೇಮನೂ ಇಸ್ರಾಯೇಲ್ಯರ ಬೋಧಕ, ಈ ಕಥೆ ಅವನಿಗೆ ಬಾಯಿಪಾಠ. ಹಾಗಾಗಿ ಯೇಸು ಅದನ್ನು ಒಂದು ವಾಕ್ಯದಲ್ಲಿ ಮುಗಿಸಿದ. ನಮ್ಮವರಾಗಿದ್ದರೆ ಹಾವಿನ ಬಣ್ಣದಿಂದ ಶುರು ಮಾಡುತ್ತಿದ್ದರು.

ನಮ್ಮ ಸಭೆ ನಿಕೊದೇಮ ಅಲ್ಲ, ಒಂದು ವಾಕ್ಯ ಸಾಲದು, ನಿಜ. ಒಂದೂವರೆ ಎರಡು ನಿಮಿಷ ಬೇಕಾದೀತು. ಜೊತೆಗೆ ನಮ್ಮ ನಾಡಿನದೇ ಒಂದು ತೊಡಕೂ ಇದೆ. ಕಲ್ಲಿನಲ್ಲೋ ಲೋಹದಲ್ಲೋ ಮಾಡಿದ ಹಾವು ಎಂದ ಕೂಡಲೇ ಇಲ್ಲಿ ಬೆಳೆದ ಯಾರಿಗಾದರೂ ಅಶ್ವತ್ಥಕಟ್ಟೆಯ ನಾಗರಕಲ್ಲು ಕಣ್ಣ ಮುಂದೆ ಬರುತ್ತದೆ. ಆದ್ದರಿಂದ ಆ ಸರ್ಪಕ್ಕೆ ಪೂಜೆ ಮಾಡಿ ಎಂದು ಯಾರಿಗೂ ಹೇಳಿರಲಿಲ್ಲ, ಹೇಳಿದ ಮಾತನ್ನು ನಂಬಿ ಅತ್ತ ನೋಡಿ ಎಂದಷ್ಟೇ ಹೇಳಿತ್ತು ಎಂಬ ಒಂದು ಮಾತನ್ನು ಸೇರಿಸಬೇಕಾಗುತ್ತದೆ. ಹಾಗೆಯೇ ಅದರ ಮಿತಿಯನ್ನೂ ಒಪ್ಪಿಕೊಳ್ಳಬೇಕು. ತಾಮ್ರದ ಸರ್ಪದಲ್ಲಿ ತಂದೆಯ ಪ್ರೀತಿ ಕಾಣುವುದಿಲ್ಲ. ಕಾಣಬೇಕಾಗಿಯೂ ಇಲ್ಲ, ಅದನ್ನು 16ನೇ ವಚನ ತಾನೇ ಹೇಳುತ್ತದೆ. ಒಂದು ದೃಷ್ಟಾಂತಕ್ಕೆ ಒಂದೇ ಕೆಲಸ ಕೊಟ್ಟರೆ ಅದು ನಿಯತ್ತಾಗಿ ಮಾಡುತ್ತದೆ.

‘ಆದರೂ ಈ ಕಾಲದ್ದೊಂದು ಬೇಕಲ್ಲ’ ಎನ್ನುವವರಿದ್ದಾರೆ. ಸರಿ, ಹಾವು ಕಡಿತದ ಇಂಜೆಕ್ಷನ್ ತೆಗೆದುಕೊಳ್ಳಿ. ಹೊಲದಲ್ಲಿ ಹಾವು ಕಚ್ಚಿದೆ. ಮನೋಬಲದಿಂದ ವಿಷ ಇಳಿಯುವುದಿಲ್ಲ, ಹೊರಗಿನಿಂದ ಬಂದ ಮದ್ದೇ ಬೇಕು, ಅದನ್ನು ನಂಬಿ ಕೈ ಚಾಚಬೇಕು. ಮೂರು ವಾಕ್ಯ, ಅಲ್ಲಿಗೆ ನಿಲ್ಲಿಸಬೇಕು. ನಿಲ್ಲಿಸುವವರು ಯಾರು? ಪ್ರಸಂಗಿ ಆ ಮದ್ದಿನ ಬಗ್ಗೆ ಓದಿಬಿಟ್ಟಿದ್ದಾರೆ. ಚೆನ್ನೈ ಹತ್ತಿರ ಇರುಳರ ಸಹಕಾರ ಸಂಘವೊಂದು 1978ರಿಂದ ಇದೆ, ಅವರು ಹಾವು ಹಿಡಿದು ವಿಷ ತೆಗೆಯುತ್ತಾರೆ, ಆ ವಿಷವನ್ನು ಸ್ವಲ್ಪ ಸ್ವಲ್ಪವಾಗಿ ಕುದುರೆಗಳಿಗೆ ಚುಚ್ಚಲಾಗುತ್ತದೆ, ಕುದುರೆಯ ರಕ್ತದಲ್ಲಿ ಪ್ರತಿವಿಷ ತಯಾರಾಗುತ್ತದೆ, ನಮ್ಮ ದೇಶದ ಮದ್ದು ನಾಲ್ಕು ಜಾತಿಯ ಹಾವುಗಳಿಗೆ ನಡೆಯುತ್ತದೆ. ಒಂದೂ ಸುಳ್ಳಲ್ಲ, ಎಲ್ಲವೂ ಸ್ವಾರಸ್ಯ. ಸಭೆಯಲ್ಲಿ ತೂಕಡಿಸುತ್ತಿದ್ದವರೂ ಎದ್ದು ಕೂತರು. ಪ್ರಸಂಗಿ ಅದನ್ನು ಪವಿತ್ರಾತ್ಮನ ಕಾರ್ಯವೆಂದುಕೊಂಡರು. ಅದು ಕುದುರೆಗಳ ಕಾರ್ಯವಾಗಿತ್ತು. ಮಧ್ಯಾಹ್ನ ಊಟಕ್ಕೆ ಕೂತಾಗ ಮನೆಮನೆಯಲ್ಲೂ ಕುದುರೆಗೆ ನೋವಾಗುವುದಿಲ್ಲವೇ ಎಂಬ ಚರ್ಚೆ. ಸುಳ್ಳು ಕಥೆ ವಾಕ್ಯವನ್ನು ಕೆಡಿಸುತ್ತದೆಂದು ಎಲ್ಲರಿಗೂ ಗೊತ್ತು. ನಿಜವಾದ, ಸ್ವಾರಸ್ಯವಾದ, ಸ್ಥಳೀಯವಾದ ವಿವರವೂ ಅಷ್ಟೇ ಚೆನ್ನಾಗಿ ಕೆಡಿಸಬಲ್ಲದು. ಯಾವ ವಿವರ ತೆಗೆದರೂ ಹೋಲಿಕೆ ನಿಲ್ಲುತ್ತದೋ ಆ ವಿವರವನ್ನು ತೆಗೆಯಲೇಬೇಕು, ಅದು ಎಷ್ಟೇ ಮುದ್ದಾದ ಕುದುರೆಯಾಗಿದ್ದರೂ.

ಇವೆಲ್ಲಕ್ಕಿಂತ ಅಪಾಯಕಾರಿ ಇನ್ನೊಂದು ಜಾತಿಯಿದೆ: ವಾಕ್ಯದ ಪಕ್ಕದಲ್ಲೇ ಕೂತು ಅದಕ್ಕೆ ವಿರುದ್ಧವಾದದ್ದನ್ನು ಬೋಧಿಸುವ ಕಥೆ. ನಮ್ಮ ಹದ್ದು ಅದರ ನಾಯಕ. ನಲವತ್ತು ವರ್ಷವಾದ ಹದ್ದು ಬೆಟ್ಟ ಹತ್ತಿ ಕೊಕ್ಕನ್ನು ಬಂಡೆಗೆ ಬಡಿದು ಮುರಿದುಕೊಳ್ಳುತ್ತದಂತೆ, ಹೊಸ ಕೊಕ್ಕು ಬರುವವರೆಗೆ ಕಾದು, ಉಗುರು ಕಿತ್ತು, ಗರಿ ಕಿತ್ತು, 150 ದಿನಗಳಾದ ಮೇಲೆ ಮತ್ತೆ ಮೂವತ್ತು ವರ್ಷ ಹಾರುತ್ತದಂತೆ. ಕೊಕ್ಕಿಲ್ಲದ ಹದ್ದು ತಿನ್ನಲಾಗದೆ ಸಾಯುತ್ತದೆ. ಕೊಕ್ಕಿನ ಹೊರಕವಚ ಸವೆಯುತ್ತಾ ಬೆಳೆಯುತ್ತಾ ಇರುತ್ತದೆ. ಗರಿಗಳು ತಾವೇ ಸ್ವಲ್ಪ ಸ್ವಲ್ಪ ಉದುರಿ ಹೊಸದು ಬರುತ್ತವೆ. ಅದಿರಲಿ. ಇದನ್ನು ಅಂಟಿಸುವುದು ಯೆಶಾಯ 40:31ಕ್ಕೆ. ಅದರ ಹಿಂದಿನ ವಚನ ಯುವಕರೇ ದಣಿದು ಮುಗ್ಗರಿಸುವ ಮಾತಾಡುತ್ತದೆ. 31ನೇ ವಚನ ಯೆಹೋವನನ್ನು ಎದುರುನೋಡುವವರಿಗೆ ಬಲ ಸಿಗುತ್ತದೆ ಎನ್ನುತ್ತದೆ. ಅಂದರೆ ನಿನ್ನಿಂದಾಗದು, ಕಾದರೆ ಕೊಡಲಾಗುವುದು ಎಂಬುದು ಪ್ರವಾದಿಯ ಮಾತು. ಹದ್ದಿನ ಮಾತೋ, ನಿನ್ನಿಂದಲೇ ಆಗುತ್ತದೆ, ಕೊಕ್ಕು ಬಡಿ ಎಂಬುದು. ಕಂಪನಿಗಳ ತರಬೇತಿ ಶಿಬಿರಗಳಲ್ಲಿ ಅದೇ ಹದ್ದು ಅದೇ ಪಾಠ ಹೇಳುತ್ತದೆ, ಅಲ್ಲಿ ಯೆಶಾಯನನ್ನು ಕರೆಯುವುದಿಲ್ಲ ಅಷ್ಟೇ. ವಚನ ಬದಲಾಯಿಸಿದರೂ, ವಚನವನ್ನೇ ತೆಗೆದುಹಾಕಿದರೂ ಕಥೆ ಆರಾಮಾಗಿ ನಡೆಯುತ್ತದೆಂದರೆ ಅದು ಆ ವಚನದ ಆಳಲ್ಲ, ಬಾಡಿಗೆಗೆ ಬಂದದ್ದು.

ಹಾಗಾದರೆ ಪಾಸಾಗುವ ಕಥೆ ಹೇಗಿರುತ್ತದೆ? 2 ಸಮುವೇಲ 12ರಲ್ಲಿ ನಾತಾನ ಅರಸ ದಾವೀದನ ಎದುರು ನಿಂತು ಹೇಳಿದ ಕಥೆ ನಾಲ್ಕು ವಚನ ದಾಟುವುದಿಲ್ಲ. ಐಶ್ವರ್ಯವಂತನಿಗೆ ಬೇಕಾದಷ್ಟು ಕುರಿದನ, ಬಡವನಿಗೆ ಒಂದೇ ಕುರಿಮರಿ. ಮನೆಗೆ ಅತಿಥಿ ಬಂದಾಗ ಐಶ್ವರ್ಯವಂತ ಆ ಒಂದನ್ನೇ ಕಿತ್ತು ಅಡಿಗೆ ಮಾಡಿಸಿದ. ನಮ್ಮ ಹಾಳೆಯ ಲೆಕ್ಕದಲ್ಲಿ ಎಲ್ಲವೂ ಹೊಂದುವುದಿಲ್ಲ: ಕಥೆಯಲ್ಲಿ ಸತ್ತದ್ದು ಕುರಿಮರಿ, ಅರಮನೆಯ ಪ್ರಕರಣದಲ್ಲಿ ಸತ್ತದ್ದು ಬತ್ಷೆಬೆಯ ಗಂಡ ಊರೀಯ. ಆದರೆ ಹೊಂದಲೇಬೇಕಾದದ್ದು ಕೂದಲೆಳೆಯಷ್ಟೂ ತಪ್ಪದೆ ಹೊಂದಿದೆ: ಎಲ್ಲ ಇದ್ದವನು ಒಂದೇ ಇದ್ದವನ ಒಂದನ್ನೇ ಕಿತ್ತುಕೊಂಡ. ದಾವೀದ ಕೋಪದಿಂದ ತೀರ್ಪು ಕೊಟ್ಟ. ಅಲ್ಲಿಗೆ ನಾತಾನ ಕಥೆಯನ್ನು ಬಿಟ್ಟು ಬೆರಳನ್ನು ಅರಸನ ಕಡೆ ತಿರುಗಿಸಿದ. ಕುರಿಮರಿಗೆ ಹೆಸರಿಡಲಿಲ್ಲ, ಅದರ ಕಣ್ಣಿನ ವರ್ಣನೆ ಮಾಡಲಿಲ್ಲ, ‘ಇನ್ನೊಂದು ಘಟನೆ ನೆನಪಾಗುತ್ತದೆ ಪ್ರಭೂ’ ಎನ್ನಲಿಲ್ಲ. ಅರಮನೆಯಲ್ಲಿ ಕೀಬೋರ್ಡ್ ಕೂಡ ಇರಲಿಲ್ಲ.

ನಾತಾನನಷ್ಟು ಧೈರ್ಯ ಎಲ್ಲರಿಗೂ ಬೇಕಾಗಿಲ್ಲ, ಗುರುವಾರ ಸಂಜೆ ಅಡಿಗೆಮನೆಗೆ ಹೋಗುವಷ್ಟು ಧೈರ್ಯವಿದ್ದರೆ ಸಾಕು. ಯಾವ ವಚನವೆಂದು ಹೇಳದೆ ಕಥೆಯನ್ನು ಮನೆಯವರಿಗೆ ಹೇಳಿ, ‘ಇದರಿಂದ ನಿಮಗೇನು ಅನ್ನಿಸಿತು?’ ಎಂದು ಕೇಳಿ. ‘ಆ ಅಪ್ಪನ ಗತಿ ಏನಾಯಿತು?’ ಎಂದರೆ ಕಥೆ ಬಿದ್ದಿತು. ವಚನ ಹೇಳಬೇಕೆಂದಿರುವ ಮಾತನ್ನೇ ಅವರು ತಮ್ಮ ಮಾತಿನಲ್ಲಿ ಹೇಳಿದರೆ ಭಾನುವಾರಕ್ಕೆ ಬರಲಿ. ಶುಕ್ರವಾರ ಕಥೆಯನ್ನು ಕಿತ್ತುಹಾಕಿ ಪ್ರಸಂಗವನ್ನು ಒಮ್ಮೆ ಹೇಳಿಕೊಂಡು ನೋಡಿ. ಒಂದು ಮೂಲೆ ಮಸುಕಾದರೆ ಸರಿ, ಅಲ್ಲಿಗೇ ಕಥೆ ಬೇಕಾಗಿದ್ದದ್ದು. ಪೂರ್ತಿ ಕುಸಿದು ಬಿದ್ದರೆ ಅಲ್ಲಿ ಪ್ರಸಂಗವೇ ಇರಲಿಲ್ಲ ಎಂದರ್ಥ. ಕಡೆಯದಾಗಿ, ಮುಂದಿನ ಬುಧವಾರ ಮನೆಕೂಟದಲ್ಲಿ ಯಾರನ್ನಾದರೂ ಹಿಡಿದು ‘ಭಾನುವಾರದ ವಾಕ್ಯ ಯಾವುದು?’ ಎಂದು ಕೇಳಿ. ‘ಅದೇ ರೈಲಿಂದು’ ಎಂಬ ಉತ್ತರ ಬಂದರೆ ಅವರನ್ನು ಗದರಿಸಬೇಡಿ. ನೀವು ಬಡಿಸಿದ್ದನ್ನೇ ಅವರು ಉಂಡಿದ್ದಾರೆ.

ಇಷ್ಟೆಲ್ಲ ಹೇಳಿದ ಮೇಲೂ ಹಳೇ ಕಥೆಗಳನ್ನು ಸಭೆಯಿಂದ ಹೊರಡಿಸುವುದು ಸುಲಭವಲ್ಲ. ‘ಅದರಿಂದ ಎಷ್ಟೋ ಜನರಿಗೆ ಆಶೀರ್ವಾದವಾಗಿದೆ’ ಎಂದು ಹಿರಿಯರು ಅಡ್ಡ ನಿಲ್ಲುತ್ತಾರೆ. ಅವರಿಗೆ ಮೋಶೆಯ ಸರ್ಪಕ್ಕೆ ಆಮೇಲೆ ಏನಾಯಿತೆಂದು ನೆನಪಿಸಬೇಕು. ಅದರಿಂದಲೂ ಎಷ್ಟೋ ಜನ ಬದುಕಿದ್ದರು. ಆ ನೆನಪಿಗೆ ಅದನ್ನು ಎತ್ತಿಟ್ಟರು, ಎತ್ತಿಟ್ಟದ್ದಕ್ಕೆ ಧೂಪ ಹಾಕತೊಡಗಿದರು. ಯಾವ ದೇವರ ಕಡೆ ನೋಡಲೆಂದು ಅದನ್ನು ಎತ್ತಿದ್ದರೋ ಆ ದೇವರು ಮರೆಯಾಗಿ ಕಂಬದ ಮೇಲಿನ ತಾಮ್ರ ಉಳಿಯಿತು. ಕ್ರಿ.ಪೂ. 8ನೇ ಶತಮಾನದ ಹೊತ್ತಿಗೆ ಪಟ್ಟಕ್ಕೆ ಬಂದ ಅರಸ ಹಿಜ್ಕೀಯ ಅದನ್ನು ಒಡೆದು ಚೂರು ಮಾಡಿದನೆಂದು 2 ಅರಸುಗಳು 18:4 ಹೇಳುತ್ತದೆ. ಒಡೆದದ್ದು ಯಾವುದೋ ಸೇತುವೆಯ ಕಟ್ಟುಕಥೆಯನ್ನಲ್ಲ, ದೇವರೇ ಮಾಡಿಸಿದ ದೃಷ್ಟಾಂತವನ್ನು.

ಆದ್ದರಿಂದ ಸಭಾ ಕಮಿಟಿಯವರಲ್ಲಿ ಒಂದು ಅರಿಕೆ. ಮುಂದಿನ ವಾರ್ಷಿಕ ಸಭೆಯಲ್ಲಿ ಪೇಂಟಿಂಗು, ಮೈಕು, ಶಾಮಿಯಾನದ ಖರ್ಚಿನ ನಂತರ ಸಮಯ ಉಳಿದರೆ ಒಂದು ಹುದ್ದೆ ಮಂಜೂರು ಮಾಡಿ. ಅರ್ಹತೆ: ಅಳು ಬಂದಾಗಲೂ ವಚನ ನೆನಪಿಟ್ಟುಕೊಳ್ಳುವ ಶಕ್ತಿ, ಕೈಯಲ್ಲೊಂದು ಸುತ್ತಿಗೆ. ರೈಲ್ವೆಯಲ್ಲಿ ಸೇವೆ ಸಲ್ಲಿಸಿದವರಿಗೆ ಆದ್ಯತೆ.